ಆಪ್ಷನ್‌ಗಳ ಡೆಲ್ಟಾ ಮತ್ತು ಗಾಮಾ

ಡೆಲ್ಟಾ ಮತ್ತು ಗಾಮಾ ಎಂಬುವು ಹಣಕಾಸು ಮಾರುಕಟ್ಟೆಯಲ್ಲಿ ಆಪ್ಷನ್ ಒಪ್ಪಂದಗಳ ಅಪಾಯವನ್ನು ಅಳೆಯಲು ಬಳಸುವ ಎರಡು ಅಳತೆಗಳು. ಆಧಾರ ಷೇರಿನ ಬೆಲೆ ಒಂದು ರೂಪಾಯಿ ಬದಲಾದಾಗ ಆಪ್ಷನ್ನಿನ ಬೆಲೆ ಎಷ್ಟು ಬದಲಾಗುತ್ತದೆ ಎಂಬುದನ್ನು ಡೆಲ್ಟಾ ತಿಳಿಸುತ್ತದೆ. ಆ ಡೆಲ್ಟಾವೇ ಎಷ್ಟು ಬದಲಾಗುತ್ತದೆ ಎಂಬುದನ್ನು ಗಾಮಾ ತಿಳಿಸುತ್ತದೆ. ಆಪ್ಷನ್ ಮಾರಿದವರು ತಮ್ಮ ನಷ್ಟವನ್ನು ಸರಿದೂಗಿಸಲು ಎಷ್ಟು ಷೇರುಗಳನ್ನು ಇಟ್ಟುಕೊಳ್ಳಬೇಕು ಎಂಬುದನ್ನು ಡೆಲ್ಟಾದಿಂದ ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಎಷ್ಟು ಬೇಗ ಹಳತಾಗುತ್ತದೆ ಮತ್ತು ಅದರಿಂದ ಎಷ್ಟು ನಷ್ಟವಾಗುತ್ತದೆ ಎಂಬುದು ಗಾಮಾದಿಂದ ತಿಳಿಯುತ್ತದೆ. ಇವೆರಡೂ ಥೀಟಾ, ವೇಗಾ ಮುಂತಾದ ಇತರ ಅಳತೆಗಳೊಂದಿಗೆ ಸೇರಿ ಮಾರುಕಟ್ಟೆಯ ಪರಿಭಾಷೆಯಲ್ಲಿ 'ಗ್ರೀಕ್‌ಗಳು' ಎಂದು ಹೆಸರಾಗಿವೆ.

## ಹಿನ್ನೆಲೆ

ಕಾಲ್ ಆಪ್ಷನ್ ಎಂದರೆ ಒಂದು ಷೇರನ್ನು ನಿಗದಿತ ದಿನದಂದು ನಿಗದಿತ ಬೆಲೆಗೆ ಕೊಳ್ಳುವ ಹಕ್ಕು. ಪುಟ್ ಆಪ್ಷನ್ ಎಂದರೆ ಅದೇ ರೀತಿ ಮಾರುವ ಹಕ್ಕು. ನಿಗದಿತ ಬೆಲೆಯನ್ನು ಸ್ಟ್ರೈಕ್ ಬೆಲೆ ಎಂದೂ, ನಿಗದಿತ ದಿನವನ್ನು ಎಕ್ಸ್‌ಪೈರಿ ಅಥವಾ ಮುಕ್ತಾಯದ ದಿನ ಎಂದೂ, ಹಕ್ಕಿಗಾಗಿ ಕೊಳ್ಳುವವನು ಮಾರುವವನಿಗೆ ಕೊಡುವ ಹಣವನ್ನು ಪ್ರೀಮಿಯಂ ಎಂದೂ ಕರೆಯುತ್ತಾರೆ. ಕೊಂಡವನಿಗೆ ಹಕ್ಕು ಮಾತ್ರ ಇರುತ್ತದೆ, ಬಾಧ್ಯತೆ ಇರುವುದಿಲ್ಲ. ಮಾರಿದವನಿಗೆ ಬಾಧ್ಯತೆ ಮಾತ್ರ ಇರುತ್ತದೆ, ಹಕ್ಕು ಇರುವುದಿಲ್ಲ. ಆದ್ದರಿಂದ ಕೊಂಡವನ ಗರಿಷ್ಠ ನಷ್ಟ ಅವನು ಕೊಟ್ಟ ಪ್ರೀಮಿಯಂ. ಕಾಲ್ ಆಪ್ಷನ್ ಮಾರಿದವನ ನಷ್ಟಕ್ಕಾದರೋ ಷೇರಿನ ಬೆಲೆ ಏರಿದಂತೆಲ್ಲ ಮಿತಿಯೇ ಇರುವುದಿಲ್ಲ.

ಈ ನಷ್ಟವನ್ನು ಆಧಾರ ಷೇರುಗಳನ್ನು ಕೊಂಡು ಮಾರುವುದರ ಮೂಲಕವೇ ಸರಿದೂಗಿಸಬಹುದು ಎಂಬ ಆಲೋಚನೆಯನ್ನು ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಅವರು 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಗಣಿತರೂಪಕ್ಕೆ ತಂದರು. ಅದೇ ವರ್ಷ ರಾಬರ್ಟ್ ಮರ್ಟನ್ ಅದನ್ನು ವಿಸ್ತರಿಸಿದರು. ಸಂಘಟಿತ ಆಪ್ಷನ್ ವಿನಿಮಯ ಕೇಂದ್ರವಾದ ಷಿಕಾಗೋ ಬೋರ್ಡ್ ಆಪ್ಷನ್ಸ್ ಎಕ್ಸ್‌ಚೇಂಜ್ ಸಹ 1973ರ ಏಪ್ರಿಲ್‌ನಲ್ಲಿಯೇ ವಹಿವಾಟು ಆರಂಭಿಸಿತು. ಶೋಲ್ಸ್ ಮತ್ತು ಮರ್ಟನ್ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸ್ಮಾರಕ ಪ್ರಶಸ್ತಿ ದೊರೆಯಿತು. ಬ್ಲ್ಯಾಕ್ ಅವರು 1995ರಲ್ಲಿಯೇ ನಿಧನರಾಗಿದ್ದರು. ಭಾರತದ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್‌ನಲ್ಲಿ ಸೂಚ್ಯಂಕದ ಆಪ್ಷನ್‌ಗಳು 2001ರ ಜೂನ್‌ನಲ್ಲಿಯೂ, ಬಿಡಿ ಷೇರುಗಳ ಆಪ್ಷನ್‌ಗಳು ಅದೇ ವರ್ಷದ ಜುಲೈನಲ್ಲಿಯೂ ಆರಂಭವಾದವು.

## ಡೆಲ್ಟಾ

ಒಂದು ಕಾಲ್ ಆಪ್ಷನ್ನಿನ ಡೆಲ್ಟಾ 0.51 ಎಂದಿದ್ದರೆ, ಷೇರಿನ ಬೆಲೆ 1 ರೂಪಾಯಿ ಏರಿದಾಗ ಆಪ್ಷನ್ನಿನ ಬೆಲೆ ಸುಮಾರು 51 ಪೈಸೆ ಏರುತ್ತದೆ, 1 ರೂಪಾಯಿ ಇಳಿದಾಗ ಸುಮಾರು 51 ಪೈಸೆ ಇಳಿಯುತ್ತದೆ ಎಂದು ಅರ್ಥ. ಕಾಲ್ ಆಪ್ಷನ್ನಿನ ಡೆಲ್ಟಾ 0 ಮತ್ತು 1ರ ನಡುವೆ ಇರುತ್ತದೆ. ಷೇರಿನ ಬೆಲೆ ಸ್ಟ್ರೈಕ್ ಬೆಲೆಗಿಂತ ಬಹಳ ಕೆಳಗಿದ್ದರೆ ಆ ಹಕ್ಕು ಬಳಕೆಗೆ ಬರುವ ಸಂಭವ ಕಡಿಮೆ. ಆಗ ಷೇರಿನ ಸಣ್ಣಪುಟ್ಟ ಚಲನೆಗಳು ಆಪ್ಷನ್ನಿಗೆ ತಟ್ಟುವುದಿಲ್ಲ ಮತ್ತು ಡೆಲ್ಟಾ ಸೊನ್ನೆಯ ಸಮೀಪದಲ್ಲಿರುತ್ತದೆ. ಬೆಲೆ ಸ್ಟ್ರೈಕ್‌ಗಿಂತ ಬಹಳ ಮೇಲಿದ್ದರೆ ಆಪ್ಷನ್ ಬಹುಮಟ್ಟಿಗೆ ಷೇರಿನಂತೆಯೇ ವರ್ತಿಸುತ್ತದೆ ಮತ್ತು ಡೆಲ್ಟಾ 1ರ ಸಮೀಪಕ್ಕೆ ಬರುತ್ತದೆ. ಇವೆರಡರ ನಡುವೆ, ಬೆಲೆಯು ಸ್ಟ್ರೈಕ್‌ಗೆ ಹತ್ತಿರವಿರುವಾಗ ಡೆಲ್ಟಾ ಅರ್ಧದ ಆಸುಪಾಸಿನಲ್ಲಿರುತ್ತದೆ.

ಪುಟ್ ಆಪ್ಷನ್ನಿನ ಬೆಲೆ ಷೇರಿನ ಬೆಲೆಗೆ ವಿರುದ್ಧ ದಿಕ್ಕಿನಲ್ಲಿ ಚಲಿಸುವುದರಿಂದ ಅದರ ಡೆಲ್ಟಾ ಋಣಾತ್ಮಕವಾಗಿದ್ದು, −1 ಮತ್ತು 0ಯ ನಡುವೆ ಇರುತ್ತದೆ. ಷೇರು ಲಾಭಾಂಶ ಕೊಡದಿದ್ದಲ್ಲಿ, ಒಂದೇ ಸ್ಟ್ರೈಕ್ ಮತ್ತು ಒಂದೇ ಮುಕ್ತಾಯದ ದಿನವುಳ್ಳ ಕಾಲ್ ಆಪ್ಷನ್ನಿನ ಡೆಲ್ಟಾದಿಂದ 1ನ್ನು ಕಳೆದರೆ ಪುಟ್ ಆಪ್ಷನ್ನಿನ ಡೆಲ್ಟಾ ದೊರೆಯುತ್ತದೆ. ಈ ಮಾತು ಮುಕ್ತಾಯದ ದಿನದಂದು ಮಾತ್ರ ಹಕ್ಕು ಚಲಾಯಿಸಬಹುದಾದ, ಯುರೋಪಿಯನ್ ಮಾದರಿಯ ಆಪ್ಷನ್‌ಗಳಿಗೆ ಅನ್ವಯಿಸುತ್ತದೆ.

ಡೆಲ್ಟಾವನ್ನು 'ಆಪ್ಷನ್ ಲಾಭದಲ್ಲಿ ಮುಗಿಯುವ ಸಂಭವನೀಯತೆ' ಎಂದು ಹೇಳುವ ರೂಢಿಯಿದೆ. ಇದು ಸ್ಥೂಲವಾದ ಅಂದಾಜು ಮಾತ್ರ. ಬ್ಲ್ಯಾಕ್-ಶೋಲ್ಸ್ ಸೂತ್ರದಲ್ಲಿ ಡೆಲ್ಟಾ ಮತ್ತು ಆ ಸಂಭವನೀಯತೆ ಎರಡೂ ಬೇರೆ ಬೇರೆ ಪದಗಳಾಗಿ ಬರುತ್ತವೆ. ಅವಧಿ ದೀರ್ಘವಾದಷ್ಟೂ, ಷೇರಿನ ಏರಿಳಿತ ಹೆಚ್ಚಾದಷ್ಟೂ ಅವುಗಳ ನಡುವಿನ ಅಂತರ ಹೆಚ್ಚುತ್ತದೆ. ಹೆಡ್ಜಿಂಗ್‌ಗೆ ಸಂಬಂಧಿಸಿದಂತೆ ಡೆಲ್ಟಾ ಎಂದರೆ ಇಟ್ಟುಕೊಳ್ಳಬೇಕಾದ ಷೇರುಗಳ ಅನುಪಾತ ಎಂದು ತಿಳಿಯುವುದೇ ಸರಿಯಾದ ಕ್ರಮ.

## ಗಾಮಾ

ಷೇರಿನ ಬೆಲೆ 1 ರೂಪಾಯಿ ಏರಿದಾಗ ಡೆಲ್ಟಾ ಎಷ್ಟು ಏರುತ್ತದೆ ಎಂಬುದೇ ಗಾಮಾ. ಡೆಲ್ಟಾ 0.5137 ಮತ್ತು ಗಾಮಾ 0.0058 ಇರುವ ಆಪ್ಷನ್ನಿನಲ್ಲಿ, ಬೆಲೆ 1 ರೂಪಾಯಿ ಏರಿದರೆ ಹೊಸ ಡೆಲ್ಟಾ ಸುಮಾರು 0.5195 ಆಗುತ್ತದೆ. ಕಾಲ್ ಮತ್ತು ಪುಟ್ ಎರಡನ್ನು ಕೊಂಡವರಿಗೂ ಗಾಮಾ ಧನಾತ್ಮಕ. ಎರಡನ್ನು ಮಾರಿದವರಿಗೂ ಅದು ಋಣಾತ್ಮಕ.

ಪ್ರೌಢಶಾಲೆಯ ಭೌತಶಾಸ್ತ್ರ ಬಲ್ಲವರಿಗೆ ಈ ಸಂಬಂಧ ಪರಿಚಿತವಾದುದೇ. ಡೆಲ್ಟಾವು ವೇಗದಂತೆ, ಗಾಮಾವು ವೇಗೋತ್ಕರ್ಷದಂತೆ. ವಸ್ತುವೊಂದು ಕ್ರಮಿಸಿದ ದೂರವನ್ನು ಆರಂಭಿಕ ವೇಗ ಮತ್ತು ವೇಗೋತ್ಕರ್ಷಗಳಿಂದ ಕಂಡುಹಿಡಿಯುವ ಸೂತ್ರದ ರೂಪವೇ ಇಲ್ಲಿಯೂ ಬರುತ್ತದೆ:

ಆಪ್ಷನ್ ಬೆಲೆಯ ಬದಲಾವಣೆ ≈ (ಡೆಲ್ಟಾ × ಷೇರು ಬೆಲೆಯ ಬದಲಾವಣೆ) + (½ × ಗಾಮಾ × ಷೇರು ಬೆಲೆಯ ಬದಲಾವಣೆಯ ವರ್ಗ)

ಎರಡನೆಯ ಪದದಲ್ಲಿ ಬದಲಾವಣೆಯ ವರ್ಗ ಇರುವುದು ಗಮನಾರ್ಹ. ವರ್ಗವು ಯಾವಾಗಲೂ ಧನಸಂಖ್ಯೆಯಾದ್ದರಿಂದ ಬೆಲೆ ಏರಿದರೂ ಇಳಿದರೂ ಈ ಪದದ ಚಿಹ್ನೆ ಬದಲಾಗುವುದಿಲ್ಲ. ಮುಂದಿನ ಉದಾಹರಣೆಯ ಫಲಿತಾಂಶವೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತದೆ.

## ಹೆಡ್ಜಿಂಗ್‌ನ ಒಂದು ಉದಾಹರಣೆ

ಒಂದು ಕಾಲ್ಪನಿಕ ಷೇರಿನ ಬೆಲೆ 1000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಮುಕ್ತಾಯಕ್ಕೆ 30 ದಿನಗಳಿರುವ, 1000 ರೂಪಾಯಿ ಸ್ಟ್ರೈಕ್‌ನ ಕಾಲ್ ಆಪ್ಷನ್ನನ್ನು ಒಬ್ಬ ವಹಿವಾಟುದಾರನು 1000 ಷೇರುಗಳ ಮೇಲೆ ಮಾರುತ್ತಾನೆ. ಷೇರಿನ ವಾರ್ಷಿಕ ಏರಿಳಿತದ ಪ್ರಮಾಣ, ಅಂದರೆ ವೊಲಾಟಿಲಿಟಿ, ಶೇ. 24 ಎಂದೂ, ಲೆಕ್ಕವನ್ನು ಸರಳಗೊಳಿಸಲು ಬಡ್ಡಿದರ ಮತ್ತು ಲಾಭಾಂಶ ಎರಡೂ ಸೊನ್ನೆ ಎಂದೂ ಭಾವಿಸಲಾಗಿದೆ. ಆಗ ಬ್ಲ್ಯಾಕ್-ಶೋಲ್ಸ್ ಸೂತ್ರದಿಂದ ದೊರೆಯುವ ಮೌಲ್ಯಗಳು ಹೀಗಿವೆ:

* ಪ್ರತಿ ಷೇರಿಗೆ ಆಪ್ಷನ್ನಿನ ಬೆಲೆ: 27.44 ರೂಪಾಯಿ
* ಡೆಲ್ಟಾ: 0.514
* ಗಾಮಾ: 0.0058

ಮಾರಾಟಗಾರನ ಕೈಗೆ ಬರುವ ಪ್ರೀಮಿಯಂ 27,440 ರೂಪಾಯಿ.

### ಮೊದಲ ಹೆಜ್ಜೆ: ಡೆಲ್ಟಾ ಹೆಡ್ಜ್

ಷೇರಿನ ಬೆಲೆ 1 ರೂಪಾಯಿ ಏರಿದರೆ ಮಾರಾಟಗಾರನಿಗೆ ಆಪ್ಷನ್ನಿನಲ್ಲಿ ಸುಮಾರು 514 ರೂಪಾಯಿ ನಷ್ಟವಾಗುತ್ತದೆ. ಇದನ್ನು ಸರಿದೂಗಿಸಲು ಅವನು 514 ಷೇರುಗಳನ್ನು ತಲಾ 1000 ರೂಪಾಯಿಗೆ ಕೊಳ್ಳುತ್ತಾನೆ. ಈಗ ಬೆಲೆ 1 ರೂಪಾಯಿ ಏರಿದರೆ ಆಪ್ಷನ್ನಿನಲ್ಲಿ ಹೋದದ್ದು ಷೇರುಗಳಲ್ಲಿ ಬರುತ್ತದೆ. ಇಳಿದರೆ ಷೇರುಗಳಲ್ಲಿ ಹೋದದ್ದು ಆಪ್ಷನ್ನಿನಲ್ಲಿ ಬರುತ್ತದೆ. ಇಂತಹ ಸ್ಥಿತಿಗೆ ಡೆಲ್ಟಾ ತಟಸ್ಥ ಸ್ಥಿತಿ ಎಂದು ಹೆಸರು. ಷೇರು ಏರುತ್ತದೆಯೋ ಇಳಿಯುತ್ತದೆಯೋ ಎಂಬ ಊಹೆ ಇಲ್ಲಿ ಮಾರಾಟಗಾರನಿಗೆ ಅಗತ್ಯವಿಲ್ಲದಂತೆ ತೋರುತ್ತದೆ.

### ಬೆಲೆ 1030ಕ್ಕೆ ಏರಿದಾಗ

ಅದೇ ದಿನ ಷೇರಿನ ಬೆಲೆ 1030 ರೂಪಾಯಿಗೆ ಏರಿತು ಎಂದುಕೊಳ್ಳೋಣ. ಆಪ್ಷನ್ನಿನ ಹೊಸ ಬೆಲೆ 45.38 ರೂಪಾಯಿ ಆಗುತ್ತದೆ. ಪ್ರತಿ ಷೇರಿಗೆ 17.94 ರೂಪಾಯಿಯಂತೆ ಆಪ್ಷನ್ನಿನಲ್ಲಿ ಮಾರಾಟಗಾರನಿಗೆ 17,940 ರೂಪಾಯಿ ನಷ್ಟ. ಅವನ ಬಳಿಯ 514 ಷೇರುಗಳಲ್ಲಿ ತಲಾ 30 ರೂಪಾಯಿಯಂತೆ 15,420 ರೂಪಾಯಿ ಲಾಭ. ಒಟ್ಟಿನಲ್ಲಿ 2,520 ರೂಪಾಯಿ ನಷ್ಟ ಉಳಿಯುತ್ತದೆ.

### ಬೆಲೆ 970ಕ್ಕೆ ಇಳಿದಾಗ

ಏರುವ ಬದಲು ಬೆಲೆ 970 ರೂಪಾಯಿಗೆ ಇಳಿದಿದ್ದರೆ ಆಪ್ಷನ್ನಿನ ಬೆಲೆ 14.64 ರೂಪಾಯಿಗೆ ಬರುತ್ತಿತ್ತು. ಆಪ್ಷನ್ನಿನಲ್ಲಿ ಮಾರಾಟಗಾರನಿಗೆ 12,800 ರೂಪಾಯಿ ಲಾಭ, ಷೇರುಗಳಲ್ಲಿ 15,420 ರೂಪಾಯಿ ನಷ್ಟ. ಒಟ್ಟಿನಲ್ಲಿ 2,620 ರೂಪಾಯಿ ನಷ್ಟ.

ಬೆಲೆ ಯಾವ ದಿಕ್ಕಿಗೆ ಹೋದರೂ ಮಾರಾಟಗಾರನಿಗೆ ನಷ್ಟವೇ ಆಗುತ್ತದೆ, ಮತ್ತು ಎರಡೂ ಕಡೆ ನಷ್ಟ ಹೆಚ್ಚುಕಡಿಮೆ ಸಮಾನವಾಗಿದೆ. ಅವನ ಲೆಕ್ಕದಲ್ಲಿ ತಪ್ಪೇನೂ ಇಲ್ಲ. 514 ಷೇರುಗಳೆಂಬುದು ಬೆಲೆ 1000 ಇದ್ದ ಕ್ಷಣಕ್ಕೆ ಮಾತ್ರ ಸರಿಯಾದ ಸಂಖ್ಯೆ. ಬೆಲೆ ಏರುತ್ತಾ ಹೋದಂತೆ ಡೆಲ್ಟಾ ಏರುತ್ತಾ ಹೋಗುತ್ತದೆ, ಆಗ ಅವನ ಬಳಿ ಇರಬೇಕಾದುದಕ್ಕಿಂತ ಕಡಿಮೆ ಷೇರುಗಳಿರುತ್ತವೆ. ಬೆಲೆ ಇಳಿಯುತ್ತಾ ಹೋದಂತೆ ಡೆಲ್ಟಾ ಇಳಿಯುತ್ತದೆ, ಆಗ ಇರಬೇಕಾದುದಕ್ಕಿಂತ ಹೆಚ್ಚು ಷೇರುಗಳಿರುತ್ತವೆ.

### ನಷ್ಟದ ಮೊತ್ತವನ್ನು ಗಾಮಾದಿಂದ ಕಂಡುಹಿಡಿಯುವುದು

ಗಾಮಾ 0.0058 ಎಂದರೆ 1000 ಷೇರುಗಳ ಆಪ್ಷನ್ನಿನಲ್ಲಿ ಪ್ರತಿ ರೂಪಾಯಿ ಚಲನೆಗೆ 5.8 ಷೇರುಗಳಷ್ಟು ಹೆಡ್ಜ್ ತಪ್ಪುತ್ತದೆ ಎಂದರ್ಥ. ಬೆಲೆ 30 ರೂಪಾಯಿ ಚಲಿಸುವ ಹೊತ್ತಿಗೆ ಕೊರತೆ 174 ಷೇರುಗಳಿಗೆ ಮುಟ್ಟುತ್ತದೆ. ಆದರೆ ಈ ಕೊರತೆ ಮೊದಲಿನಿಂದಲೂ 174 ಇರಲಿಲ್ಲ, ಸೊನ್ನೆಯಿಂದ ಆರಂಭವಾಗಿ ಕ್ರಮೇಣ ಬೆಳೆಯಿತು. ಆದ್ದರಿಂದ ಸರಾಸರಿ ಕೊರತೆ 174ರ ಅರ್ಧ, ಅಂದರೆ 87 ಷೇರುಗಳು. 87 ಷೇರುಗಳ ಮೇಲೆ 30 ರೂಪಾಯಿಯಂತೆ 2,610 ರೂಪಾಯಿ ನಷ್ಟ. ಸೂತ್ರದಲ್ಲಿರುವ ½ ಎಂಬ ಅಂಶ ಬಂದಿರುವುದು ಈ ಸರಾಸರಿಯಿಂದಲೇ.

ಈ ಅಂದಾಜಿಗೂ ವಾಸ್ತವದ 2,520 ಮತ್ತು 2,620ಕ್ಕೂ ಇರುವ ಸಣ್ಣ ವ್ಯತ್ಯಾಸಕ್ಕೆ ಕಾರಣವಿದೆ. ಬೆಲೆ ಬದಲಾದಂತೆ ಗಾಮಾವೂ ಸ್ಥಿರವಾಗಿ ನಿಲ್ಲುವುದಿಲ್ಲ. ಬೆಲೆ 1030 ಮುಟ್ಟುವ ಹೊತ್ತಿಗೆ ಅದು 0.0051ಕ್ಕೆ ಇಳಿದಿರುತ್ತದೆ. ಸಣ್ಣ ಚಲನೆಗಳಿಗೆ ಈ ವ್ಯತ್ಯಾಸವನ್ನು ಕಡೆಗಣಿಸಬಹುದು. ಚಲನೆ ದೊಡ್ಡದಾದರೆ ಸೂತ್ರದ ಅಂದಾಜನ್ನು ನಂಬದೆ ಆಪ್ಷನ್ನಿನ ಬೆಲೆಯನ್ನೇ ಹೊಸದಾಗಿ ಲೆಕ್ಕ ಹಾಕಬೇಕು.

### ಎರಡನೆಯ ಹೆಜ್ಜೆ: ಹೆಡ್ಜನ್ನು ಸರಿಪಡಿಸುವುದು

ಬೆಲೆ 1030 ಇರುವಾಗ ಡೆಲ್ಟಾ 0.679. ಮತ್ತೆ ತಟಸ್ಥ ಸ್ಥಿತಿಗೆ ಬರಲು ಮಾರಾಟಗಾರನ ಬಳಿ 679 ಷೇರುಗಳಿರಬೇಕು. ಆದ್ದರಿಂದ ಅವನು ಇನ್ನೂ 165 ಷೇರುಗಳನ್ನು 1030ರ ಬೆಲೆಗೆ ಕೊಳ್ಳುತ್ತಾನೆ. ಆಮೇಲೆ ಬೆಲೆ ಮತ್ತೆ 1000ಕ್ಕೆ ಇಳಿದರೆ ಡೆಲ್ಟಾ 0.514ಕ್ಕೆ ಮರಳುತ್ತದೆ. ಆಗ ಅವೇ 165 ಷೇರುಗಳನ್ನು 1000ದ ಬೆಲೆಗೆ ಮಾರಬೇಕಾಗುತ್ತದೆ.

ಷೇರು ಹೊರಟಲ್ಲಿಗೇ ಬಂದು ನಿಂತಿದೆ, ಆಪ್ಷನ್ನಿನ ಬೆಲೆಯೂ ಮೊದಲಿನ 27.44 ರೂಪಾಯಿಯೇ. ಆದರೂ ಮಾರಾಟಗಾರನು 165 ಷೇರುಗಳ ಮೇಲೆ ತಲಾ 30 ರೂಪಾಯಿಯಂತೆ 4,950 ರೂಪಾಯಿ ಕಳೆದುಕೊಂಡಿದ್ದಾನೆ. ಗಾಮಾ ಋಣಾತ್ಮಕವಾಗಿರುವ ಯಾರೇ ಆದರೂ ಏರಿದಾಗ ಕೊಳ್ಳಬೇಕು, ಇಳಿದಾಗ ಮಾರಬೇಕು. ಇದು ವ್ಯಾಪಾರದ ಸಾಮಾನ್ಯ ವಿವೇಕಕ್ಕೆ ತದ್ವಿರುದ್ಧ. ಆಪ್ಷನ್ನನ್ನು ಕೊಂಡು ಹೆಡ್ಜ್ ಮಾಡಿದವನು ಇದಕ್ಕೆ ವಿರುದ್ಧವಾಗಿ ಪ್ರತಿ ಬಾರಿಯೂ ಏರಿದಾಗ ಮಾರಿ ಇಳಿದಾಗ ಕೊಳ್ಳುತ್ತಾನೆ. ಮಾರಾಟಗಾರನು ಕಳೆದುಕೊಳ್ಳುವ ಮೊತ್ತವನ್ನೇ ಅವನು ಗಳಿಸುತ್ತಾನೆ.

## ಕಾಲದ ಸವಕಳಿಯೊಂದಿಗೆ ಸಂಬಂಧ

ಹೀಗೆ ಎರಡೂ ದಿಕ್ಕುಗಳಲ್ಲಿ ನಷ್ಟವೇ ಆಗುವುದಾದರೆ ಆಪ್ಷನ್ ಮಾರುವವರು ಏಕಿರುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಕಾಲದ ಸವಕಳಿಯಲ್ಲಿದೆ. ಷೇರಿನ ಬೆಲೆ ಕದಲದಿದ್ದರೂ ದಿನ ಕಳೆದಂತೆ ಆಪ್ಷನ್ನಿನ ಬೆಲೆ ಕುಗ್ಗುತ್ತದೆ. ಈ ದರಕ್ಕೆ ಥೀಟಾ ಎಂದು ಹೆಸರು. ನಮ್ಮ ಉದಾಹರಣೆಯಲ್ಲಿ ಆರಂಭದ ಥೀಟಾ ಪ್ರತಿ ಷೇರಿಗೆ ದಿನಕ್ಕೆ ಸುಮಾರು 46 ಪೈಸೆ. 1000 ಷೇರುಗಳಿಗೆ ಹೆಚ್ಚು ನಿಖರವಾಗಿ 457 ರೂಪಾಯಿ. ಈ ಮೊತ್ತ ಪ್ರತಿದಿನ ಮಾರಾಟಗಾರನ ಪಾಲಿಗೆ ಬರುತ್ತದೆ.

ಹಾಗಾದರೆ ಒಂದು ದಿನದಲ್ಲಿ ಬೆಲೆ ಎಷ್ಟು ಚಲಿಸಿದರೆ ಬಂದದ್ದೂ ಹೋದದ್ದೂ ಸಮವಾಗುತ್ತದೆ? ಗಾಮಾದ ನಷ್ಟ 2.9ನ್ನು ಚಲನೆಯ ವರ್ಗದಿಂದ ಗುಣಿಸಿದಷ್ಟು. ಇಲ್ಲಿ 2.9 ಎಂಬುದು 5.8ರ ಅರ್ಧ. ಇದು 457ಕ್ಕೆ ಸಮನಾಗಬೇಕಾದರೆ ಚಲನೆ ಸುಮಾರು 12.56 ರೂಪಾಯಿ ಇರಬೇಕು. ಮಾರಾಟಗಾರನು ದಿನಕ್ಕೊಮ್ಮೆ ಮಾತ್ರ ಹೆಡ್ಜ್ ಸರಿಪಡಿಸುತ್ತಾನೆ ಎಂದುಕೊಂಡರೆ, ಮೊದಲ ದಿನದ ಫಲಿತಾಂಶ ಹೀಗಿರುತ್ತದೆ:

| ದಿನದ ಚಲನೆ (ಏರಿಕೆ ಅಥವಾ ಇಳಿಕೆ) | ಗಾಮಾದಿಂದ ನಷ್ಟ | ಥೀಟಾದಿಂದ ಲಾಭ | ನಿವ್ವಳ |
|---|---|---|---|
| 5 ರೂಪಾಯಿ | 73 | 457 | 384 ಲಾಭ |
| 12.56 ರೂಪಾಯಿ | 457 | 457 | ಸೊನ್ನೆ |
| 30 ರೂಪಾಯಿ | 2,610 | 457 | 2,153 ನಷ್ಟ |

12.56 ರೂಪಾಯಿ ಎಂಬುದು ಆಕಸ್ಮಿಕವಾಗಿ ಬಂದ ಸಂಖ್ಯೆಯಲ್ಲ. ವಾರ್ಷಿಕ ಏರಿಳಿತ ಶೇ. 24 ಎಂದು ನಾವು ಭಾವಿಸಿದ್ದೆವು. ಅದನ್ನು 365ರ ವರ್ಗಮೂಲವಾದ 19.1ರಿಂದ ಭಾಗಿಸಿದರೆ ಒಂದು ದಿನದ ಏರಿಳಿತ ಶೇ. 1.256 ಎಂದು ದೊರೆಯುತ್ತದೆ. 1000 ರೂಪಾಯಿಯ ಷೇರಿಗೆ ಅದು 12.56 ರೂಪಾಯಿ. ಅಂದರೆ ಆಪ್ಷನ್ನಿನ ಪ್ರೀಮಿಯಂನಲ್ಲಿ ಒಂದು ನಿರ್ದಿಷ್ಟ ದೈನಂದಿನ ಚಲನೆ ಅಡಗಿದೆ. ಷೇರು ಅದಕ್ಕಿಂತ ಶಾಂತವಾಗಿದ್ದರೆ ಹೆಡ್ಜ್ ಮಾಡಿದ ಮಾರಾಟಗಾರನಿಗೆ ಲಾಭ, ಅದಕ್ಕಿಂತ ಹೆಚ್ಚು ಕುಣಿದರೆ ನಷ್ಟ. ಡೆಲ್ಟಾ ಹೆಡ್ಜ್ ಮಾಡಿದ ಮೇಲೆ ಮಾರಾಟಗಾರನು ಷೇರಿನ ದಿಕ್ಕಿನ ಮೇಲೆ ಪಣ ಕಟ್ಟಿರುವುದಿಲ್ಲ ಎಂಬುದು ನಿಜ. ಆದರೆ ಷೇರಿನ ಏರಿಳಿತದ ಪ್ರಮಾಣದ ಮೇಲೆ ಪಣ ಕಟ್ಟಿರುತ್ತಾನೆ. ಅವನಿಗೆ ಅಪಾಯ ಇಲ್ಲವಾಗಿಲ್ಲ, ಅದರ ರೂಪ ಮಾತ್ರ ಬದಲಾಗಿದೆ.

## ಮುಕ್ತಾಯದ ದಿನ ಸಮೀಪಿಸಿದಾಗ

ಅವಧಿ ಕಡಿಮೆಯಾದಂತೆ ಗಾಮಾ ಸ್ಟ್ರೈಕ್ ಬೆಲೆಯ ಸುತ್ತ ಕೇಂದ್ರೀಕೃತವಾಗುತ್ತದೆ. ಮೇಲಿನ ಆಪ್ಷನ್ನಿನ ಡೆಲ್ಟಾ 30 ದಿನ ಇರುವಾಗ ಮತ್ತು 1 ದಿನ ಇರುವಾಗ ಹೇಗಿರುತ್ತದೆ ಎಂಬುದನ್ನು ಈ ಕೋಷ್ಟಕದಲ್ಲಿ ನೋಡಬಹುದು:

| ಷೇರಿನ ಬೆಲೆ | ಡೆಲ್ಟಾ, 30 ದಿನ ಇರುವಾಗ | ಡೆಲ್ಟಾ, 1 ದಿನ ಇರುವಾಗ |
|---|---|---|
| 950 | 0.24 | 0.00 |
| 970 | 0.34 | 0.01 |
| 1000 | 0.51 | 0.50 |
| 1030 | 0.68 | 0.99 |
| 1050 | 0.77 | 1.00 |

30 ದಿನ ಇರುವಾಗ ಡೆಲ್ಟಾ ಇಳಿಜಾರಿನ ದಾರಿಯಂತೆ ನಿಧಾನವಾಗಿ ಏರುತ್ತದೆ. ಒಂದೇ ದಿನ ಉಳಿದಾಗ ಅದು ಕಡಿದಾದ ಮೆಟ್ಟಿಲಿನಂತಾಗುತ್ತದೆ. ಬೆಲೆ 1000 ಇರುವಾಗ ಗಾಮಾ 0.0058ರಿಂದ ಸುಮಾರು 0.032ಕ್ಕೆ, ಅಂದರೆ ಐದು ಪಟ್ಟಿಗೂ ಹೆಚ್ಚಿಗೆ ಏರಿರುತ್ತದೆ. ಬೆಲೆ ಸ್ಟ್ರೈಕ್‌ನಿಂದ ದೂರವಿದ್ದರೆ ಗಾಮಾ ಬಹುತೇಕ ಸೊನ್ನೆಯಾಗಿರುತ್ತದೆ, ಏಕೆಂದರೆ ಆಪ್ಷನ್ನಿನ ಗತಿ ಆಗಲೇ ನಿರ್ಧಾರವಾಗಿರುತ್ತದೆ.

ಕೊನೆಯ ದಿನದ ಈ ಸ್ಥಿತಿ ಮಾರಾಟಗಾರನಿಗೆ ಅತ್ಯಂತ ಕಷ್ಟಕರವಾದುದು. ಬೆಲೆ 995 ಇದ್ದರೆ ಡೆಲ್ಟಾ 0.35, 1005 ಇದ್ದರೆ 0.66. ಕೇವಲ 10 ರೂಪಾಯಿ ಅತ್ತಿತ್ತ ಆದರೆ ಸುಮಾರು 310 ಷೇರುಗಳನ್ನು ಕೊಳ್ಳಬೇಕು ಇಲ್ಲವೇ ಮಾರಬೇಕು. ಬೆಲೆ ಸ್ಟ್ರೈಕ್‌ನ ಆಚೀಚೆ ಓಲಾಡುತ್ತಿದ್ದರೆ ಪ್ರತಿ ಓಲಾಟವೂ ನಷ್ಟ ತರುತ್ತದೆ. ಮುಕ್ತಾಯದ ಘಳಿಗೆಯಲ್ಲಿ 1000 ಷೇರುಗಳು ಬೇಕಾಗುತ್ತವೆಯೋ ಒಂದೂ ಬೇಡವೋ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಇದಕ್ಕೆ ಪ್ರತಿಯಾಗಿ ಕೊನೆಯ ದಿನದ ಸವಕಳಿಯೂ ದೊಡ್ಡದು. ಬೆಲೆ 1000ದಲ್ಲಿಯೇ ನಿಂತರೆ, ಒಂದು ದಿನ ಉಳಿದಿರುವ ಈ ಆಪ್ಷನ್ನಿನ ಸುಮಾರು 5 ರೂಪಾಯಿ ಬೆಲೆ, ಅಂದರೆ 1000 ಷೇರುಗಳಿಗೆ 5,000 ರೂಪಾಯಿ, ಆ ಒಂದೇ ದಿನದಲ್ಲಿ ಕರಗಿಹೋಗುತ್ತದೆ. ಮೊದಲ ದಿನದ 457 ರೂಪಾಯಿಯೊಂದಿಗೆ ಇದನ್ನು ಹೋಲಿಸಬಹುದು. ಮುಕ್ತಾಯದ ದಿನದಂದು ಸ್ಟ್ರೈಕ್‌ನ ಸಮೀಪದ ಆಪ್ಷನ್ ಮಾರುವವರನ್ನು ಆಕರ್ಷಿಸುವುದು ಈ ವೇಗದ ಸವಕಳಿ. ಅದರ ಜೊತೆಗೇ ಬರುವ ಗಾಮಾ ಹಲವರ ಲೆಕ್ಕಕ್ಕೆ ಸಿಗುವುದಿಲ್ಲ.

## ಗಾಮಾಕ್ಕೂ ಹೆಡ್ಜ್

ಷೇರುಗಳನ್ನು ಎಷ್ಟೇ ಕೊಂಡರೂ ಮಾರಿದರೂ ಗಾಮಾವನ್ನು ಬದಲಿಸಲಾಗದು. ಒಂದು ಷೇರಿನ ಡೆಲ್ಟಾ ಸದಾ 1 ಆಗಿರುವುದರಿಂದ ಅದರ ಗಾಮಾ ಸೊನ್ನೆ. ಗಾಮಾವನ್ನು ಸರಿದೂಗಿಸಲು ಇನ್ನೊಂದು ಆಪ್ಷನ್ನನ್ನೇ ಕೊಳ್ಳಬೇಕು.

ನಮ್ಮ ಮಾರಾಟಗಾರನು ಅದೇ ಅವಧಿಯ, 1050 ಸ್ಟ್ರೈಕ್‌ನ ಕಾಲ್ ಆಪ್ಷನ್ನನ್ನು ಕೊಳ್ಳಲು ನಿರ್ಧರಿಸಿದನೆಂದು ಭಾವಿಸೋಣ. ಬೆಲೆ 1000 ಇರುವಾಗ ಅದರ ಪ್ರೀಮಿಯಂ 9.92 ರೂಪಾಯಿ, ಡೆಲ್ಟಾ 0.25, ಗಾಮಾ 0.0046. ಲೆಕ್ಕಾಚಾರದ ಕ್ರಮ ಹೀಗಿದೆ:

1. ಮೊದಲು ಗಾಮಾವನ್ನು ಸರಿದೂಗಿಸಬೇಕು. ಮಾರಿದ ಆಪ್ಷನ್ನಿನ ಒಟ್ಟು ಗಾಮಾವನ್ನು ಕೊಳ್ಳುವ ಆಪ್ಷನ್ನಿನ ಗಾಮಾದಿಂದ, ಪೂರ್ಣ ದಶಾಂಶಗಳನ್ನು ಇಟ್ಟುಕೊಂಡು ಭಾಗಿಸಿದರೆ 1,255 ಷೇರುಗಳ ಮೇಲಿನ ಆಪ್ಷನ್ ಬೇಕೆಂದು ತಿಳಿಯುತ್ತದೆ. ವೆಚ್ಚ ಸುಮಾರು 12,450 ರೂಪಾಯಿ.
2. ಅನಂತರ ಡೆಲ್ಟಾವನ್ನು ನೋಡಬೇಕು. ಕೊಂಡ ಆಪ್ಷನ್ನಿನಿಂದಲೇ 314 ಷೇರುಗಳಷ್ಟು ಡೆಲ್ಟಾ ದೊರೆಯಿತು. ಬೇಕಾದದ್ದು 514. ಆದ್ದರಿಂದ 200 ಷೇರುಗಳನ್ನು ಮಾತ್ರ ಇಟ್ಟುಕೊಂಡು ಉಳಿದ 314ನ್ನು ಮಾರಬಹುದು.

ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ಮೊದಲು ಡೆಲ್ಟಾ ಸರಿಪಡಿಸಿ ಆಮೇಲೆ ಆಪ್ಷನ್ ಕೊಂಡರೆ, ಆ ಆಪ್ಷನ್ನಿನ ಡೆಲ್ಟಾದಿಂದ ಲೆಕ್ಕ ಮತ್ತೆ ತಪ್ಪುತ್ತದೆ.

ಈಗ ಬೆಲೆ 1030ಕ್ಕೆ ಏರಿದರೆ ಒಟ್ಟು ಫಲಿತಾಂಶ ಸುಮಾರು 270 ರೂಪಾಯಿ ಲಾಭ. 970ಕ್ಕೆ ಇಳಿದರೆ ಸುಮಾರು 250 ರೂಪಾಯಿ ನಷ್ಟ. ಹಿಂದಿನ 2,500ಕ್ಕೂ ಮೀರಿದ ನಷ್ಟ ಹತ್ತನೆಯ ಒಂದು ಭಾಗದಷ್ಟಕ್ಕೆ ಇಳಿದಿದೆ.

ಆದರೆ ಕೊಂಡ ಆಪ್ಷನ್ನಿಗೂ ಸವಕಳಿ ಇದೆ. ಪ್ರತಿ ಷೇರಿಗೆ ದಿನಕ್ಕೆ ಸುಮಾರು 36.4 ಪೈಸೆಯಂತೆ 1,255 ಷೇರುಗಳಿಗೆ ಅದು 457 ರೂಪಾಯಿ. ಮಾರಾಟಗಾರನಿಗೆ ದಿನವೂ ಬರುತ್ತಿದ್ದ ಮೊತ್ತವೂ ಅಷ್ಟೇ. ಎರಡೂ ಆಪ್ಷನ್‌ಗಳು ಒಂದೇ ಏರಿಳಿತದ ಪ್ರಮಾಣದ ಆಧಾರದ ಮೇಲೆ ಬೆಲೆಗಟ್ಟಲ್ಪಟ್ಟಿದ್ದರೆ, ಗಾಮಾವನ್ನು ಸೊನ್ನೆ ಮಾಡಿದವನ ಥೀಟಾವೂ ಸೊನ್ನೆಯಾಗುತ್ತದೆ. ಸವಕಳಿಯ ಆದಾಯವನ್ನು ಇಟ್ಟುಕೊಂಡು ಗಾಮಾದ ಅಪಾಯವನ್ನು ಮಾತ್ರ ಕಳಚಿಕೊಳ್ಳುವ ಮಾರ್ಗ ಇಲ್ಲಿಲ್ಲ. ಮಾರಿದ ಆಪ್ಷನ್ ಹೆಚ್ಚಿನ ಏರಿಳಿತದ ಲೆಕ್ಕದಲ್ಲಿ ದುಬಾರಿಯಾಗಿಯೂ, ಕೊಂಡದ್ದು ಕಡಿಮೆ ಏರಿಳಿತದ ಲೆಕ್ಕದಲ್ಲಿ ಅಗ್ಗವಾಗಿಯೂ ಇದ್ದರೆ ಮಾತ್ರ ಏನಾದರೂ ಉಳಿಯುತ್ತದೆ.

## ಮಿತಿಗಳು

ಮೇಲಿನ ಲೆಕ್ಕವೆಲ್ಲ ಬೆಲೆ ಎಡೆಬಿಡದೆ, ಹಂತಹಂತವಾಗಿ ಚಲಿಸುತ್ತದೆ ಮತ್ತು ಬೇಕೆಂದಾಗ ಷೇರು ಕೊಂಡು ಮಾರಬಹುದು ಎಂಬ ಊಹೆಯ ಮೇಲೆ ನಿಂತಿದೆ. ವಾಸ್ತವದಲ್ಲಿ ಮಾರುಕಟ್ಟೆ ಸಂಜೆ ಮುಚ್ಚುತ್ತದೆ. ರಾತ್ರಿ ಬಂದ ಸುದ್ದಿಯಿಂದ ಮರುದಿನ ಬೆಳಿಗ್ಗೆ ಬೆಲೆ ನೇರವಾಗಿ 1000ದಿಂದ 1100ಕ್ಕೆ ಜಿಗಿದರೆ ನಡುವೆ ಹೆಡ್ಜ್ ಸರಿಪಡಿಸಲು ಅವಕಾಶವೇ ಇರುವುದಿಲ್ಲ. ಗಾಮಾದ ನಷ್ಟ ಚಲನೆಯ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಇಂತಹ ಒಂದು ಜಿಗಿತ ಹಲವು ದಿನಗಳ ಸವಕಳಿಯ ಆದಾಯವನ್ನು ನುಂಗಬಲ್ಲದು.

ಎರಡನೆಯದಾಗಿ, ಪ್ರತಿ ಬಾರಿ ಷೇರು ಕೊಂಡು ಮಾರುವಾಗಲೂ ದಲ್ಲಾಳಿ ಶುಲ್ಕ, ತೆರಿಗೆ ಮತ್ತು ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರದ ವೆಚ್ಚ ತಗಲುತ್ತದೆ. ಪದೇ ಪದೇ ಸರಿಪಡಿಸಿದರೆ ವೆಚ್ಚ ಹೆಚ್ಚುತ್ತದೆ, ಅಪರೂಪಕ್ಕೆ ಸರಿಪಡಿಸಿದರೆ ನಡುವಿನ ಚಲನೆ ದೊಡ್ಡದಾಗಿ ಫಲಿತಾಂಶ ಅನಿಶ್ಚಿತವಾಗುತ್ತದೆ. ಅದಕ್ಕಾಗಿ ವಹಿವಾಟುದಾರರು ದಿನಕ್ಕೊಮ್ಮೆ ಎಂದೋ, ಡೆಲ್ಟಾ ಇಷ್ಟು ತಪ್ಪಿದಾಗ ಎಂದೋ ಒಂದು ನಿಯಮವನ್ನು ಇಟ್ಟುಕೊಳ್ಳುತ್ತಾರೆ. ಗಾಮಾ ಹೆಚ್ಚಿದ್ದಾಗ ಈ ನಿಯಮ ಬಿಗಿಯಾಗಿರಬೇಕಾಗುತ್ತದೆ.

ಮೂರನೆಯದಾಗಿ, ಡೆಲ್ಟಾ ಮತ್ತು ಗಾಮಾ ಎರಡೂ ನಾವು ಊಹಿಸಿದ ಏರಿಳಿತದ ಪ್ರಮಾಣವನ್ನು ಅವಲಂಬಿಸಿವೆ. ಆ ಊಹೆ ತಪ್ಪಿದರೆ ಹೆಡ್ಜ್‌ನ ಸಂಖ್ಯೆಯೂ ತಪ್ಪಾಗುತ್ತದೆ. ಮಾರುಕಟ್ಟೆಯ ಅಂದಾಜು ಬದಲಾದಾಗ ಷೇರು ಕದಲದಿದ್ದರೂ ಆಪ್ಷನ್ನಿನ ಬೆಲೆ ಬದಲಾಗುತ್ತದೆ. ಈ ಅಪಾಯವನ್ನು ವೇಗಾ ಎಂಬ ಬೇರೆಯ ಅಳತೆಯಿಂದ ಅಳೆಯುತ್ತಾರೆ.

### 1987ರ ಕುಸಿತ

ಏರಿದಾಗ ಕೊಳ್ಳುವ, ಇಳಿದಾಗ ಮಾರುವ ಕ್ರಮವನ್ನು ಒಬ್ಬನು ಅನುಸರಿಸಿದರೆ ಮಾರುಕಟ್ಟೆಯ ಬೆಲೆ ಬದಲಾಗುವುದಿಲ್ಲ. ಬಹಳ ಮಂದಿ ಒಟ್ಟಿಗೆ ಅನುಸರಿಸಿದರೆ ಬದಲಾಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಪಿಂಚಣಿ ನಿಧಿಗಳು ಮತ್ತು ಇತರ ದೊಡ್ಡ ಹೂಡಿಕೆದಾರರಲ್ಲಿ 'ಪೋರ್ಟ್‌ಫೋಲಿಯೋ ವಿಮೆ' ಎಂಬ ವಿಧಾನ ಜನಪ್ರಿಯವಾಗಿತ್ತು. ಪುಟ್ ಆಪ್ಷನ್ನನ್ನು ಕೊಳ್ಳುವ ಬದಲು, ಅದರ ಡೆಲ್ಟಾವನ್ನು ಅನುಕರಿಸಿ, ಮಾರುಕಟ್ಟೆ ಇಳಿದಂತೆ ಸೂಚ್ಯಂಕದ ಫ್ಯೂಚರ್ಸ್ ಒಪ್ಪಂದಗಳನ್ನು ಮಾರುತ್ತಾ ಹೋಗುವುದು ಈ ವಿಧಾನದ ತಿರುಳು. ಪುಟ್ ಆಪ್ಷನ್ ಮಾರಿದವನು ತನ್ನ ಹೆಡ್ಜ್‌ಗಾಗಿ ಮಾಡಬೇಕಾದ ವಹಿವಾಟೂ ಇದೇ.

1987ರ ಅಕ್ಟೋಬರ್ 19ರ ಸೋಮವಾರ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನದಲ್ಲಿ ಶೇ. 22.6ರಷ್ಟು ಕುಸಿಯಿತು. ಬೆಲೆ ಇಳಿದಷ್ಟೂ ಹೆಚ್ಚು ಮಾರಬೇಕೆಂಬ ನಿಯಮದಂತೆ ಮಾರಾಟದ ಆದೇಶಗಳು ಬಂದವು, ಅವು ಬೆಲೆಯನ್ನು ಇನ್ನಷ್ಟು ಇಳಿಸಿದವು. ಅಷ್ಟು ಪ್ರಮಾಣದಲ್ಲಿ ಕೊಳ್ಳುವವರು ಇರಲಿಲ್ಲವಾದ್ದರಿಂದ ಲೆಕ್ಕದಲ್ಲಿದ್ದ ಬೆಲೆಗೆ ಮಾರಲು ಸಾಧ್ಯವಾಗಲಿಲ್ಲ, ವಿಮೆ ಅಂದುಕೊಂಡಂತೆ ಫಲಿಸಲಿಲ್ಲ. ಕುಸಿತವನ್ನು ಪರಿಶೀಲಿಸಲು ಅಮೆರಿಕ ಸರ್ಕಾರ ನೇಮಿಸಿದ ಬ್ರೇಡಿ ಸಮಿತಿಯು ತನ್ನ ವರದಿಯಲ್ಲಿ ಈ ವಿಧಾನದ ಪಾತ್ರವನ್ನು ಗುರುತಿಸಿತು. ಕುಸಿತಕ್ಕೆ ಅದೊಂದೇ ಕಾರಣವೇ, ಎಷ್ಟರಮಟ್ಟಿಗೆ ಕಾರಣ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಅಲ್ಲಿಯವರೆಗೆ ಸೂಚ್ಯಂಕದ ಆಪ್ಷನ್‌ಗಳಲ್ಲಿ ಬೇರೆ ಬೇರೆ ಸ್ಟ್ರೈಕ್‌ಗಳಿಗೆ ಹೆಚ್ಚುಕಡಿಮೆ ಒಂದೇ ಏರಿಳಿತದ ಪ್ರಮಾಣವನ್ನು ಮಾರುಕಟ್ಟೆ ಬಳಸುತ್ತಿತ್ತು. ಆ ಕುಸಿತದ ಅನಂತರ, ಬೆಲೆಗಿಂತ ಬಹಳ ಕೆಳಗಿರುವ ಸ್ಟ್ರೈಕ್‌ನ ಪುಟ್ ಆಪ್ಷನ್‌ಗಳು ತುಲನಾತ್ಮಕವಾಗಿ ದುಬಾರಿಯಾದವು. ಮಾರಾಟಗಾರರು ಹಠಾತ್ ಜಿಗಿತದ ಅಪಾಯಕ್ಕೂ ಬೆಲೆ ಕೇಳತೊಡಗಿದ್ದರ ಗುರುತು ಅದು, ಮತ್ತು ಈ ವ್ಯತ್ಯಾಸ ಸೂಚ್ಯಂಕದ ಆಪ್ಷನ್‌ಗಳಲ್ಲಿ ಇಂದಿಗೂ ಕಾಣುತ್ತದೆ.